ಅನ್‌ಲಿಮಿಟೆಡ್ ರಜೆ ಅಂದರೆ ಎಷ್ಟು ದಿನ?

*ಸಂಪಾದಕರಿಗೆ ನಮಸ್ಕಾರ. ನಮ್ಮದು ನಲವತ್ತು ಜನರ ಸ್ಟಾರ್ಟಪ್. ರಜೆ ಅನ್‌ಲಿಮಿಟೆಡ್, ‘ನಿಮ್ಮ ವಿವೇಚನೆಗೆ ಬಿಟ್ಟಿದ್ದು’ ಅಂತ ಆಫರ್ ಲೆಟರ್‌ನಲ್ಲೇ ಇದೆ. ಸೇರಿ 14 ತಿಂಗಳಾಯ್ತು, ತಗೊಂಡಿದ್ದು 6 ದಿನ. ಈಗ ಒಟ್ಟಿಗೆ 10 ದಿನ ಬೇಕು. ಮೆಸೇಜ್ ಮೂರು ಸಲ ಟೈಪ್ ಮಾಡಿ ಅಳಿಸಿದ್ದೇನೆ. ಎಷ್ಟು ಕೇಳಿದರೆ ಸರಿ? ಹೇಗೆ ಕೇಳೋದು?*
*— ಹೆಸರು ಬೇಡ ಎಂದ ಓದುಗರು*

ನನ್ನ ಮೊದಲ ಕೆಲಸದಲ್ಲಿ ಒಂದು ದಪ್ಪ ರಜೆ ಪುಸ್ತಕ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಪುಟ, ಕೆಂಪು ಶಾಯಿಯಲ್ಲಿ ಉಳಿದ ದಿನಗಳ ಲೆಕ್ಕ. ಅದನ್ನು ಇಟ್ಟುಕೊಂಡಿದ್ದ ಗುಮಾಸ್ತರು ಮಹಾ ಸಿಡುಕು ಮನುಷ್ಯ. ಆದರೆ ಡಿಸೆಂಬರ್ ಬಂತೆಂದರೆ ಅವರೇ ನಮ್ಮ ಮೇಜಿನ ಹತ್ತಿರ ಬರುತ್ತಿದ್ದರು. “ನಿಂದು ಇನ್ನೂ ನಾಲ್ಕು ದಿನ ಇದೆ, ಸುಮ್ನೆ ಹಾಳಾಗುತ್ತೆ, ಬರೆದುಕೊಡು” ಎನ್ನುತ್ತಿದ್ದರು. ಆಗ ಅವರನ್ನು ಕಂಡರೆ ನಗು ಬರುತ್ತಿತ್ತು. ನಿಮ್ಮ ಪತ್ರ ಓದಿದ ಮೇಲೆ ಅವರಿಗೊಂದು ಕೈ ಮುಗಿಯಬೇಕು ಅನ್ನಿಸಿತು. ನಿಮ್ಮ ಆಫೀಸಿನಲ್ಲಿ ಹಾಗೆ ಬಂದು ಹೇಳುವವರು ಯಾರೂ ಇಲ್ಲ. ಹಾಳಾಗುವ ದಿನವೇ ಇಲ್ಲದಿದ್ದರೆ ಹೇಳುವುದಾದರೂ ಏನು?

ನ್ಯಾಯವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಈ ಪದ್ಧತಿಯಿಂದ ಉಪಯೋಗವೂ ಇದೆ. ಸೇರಿದ ಎರಡನೇ ವಾರ ಅಪ್ಪ ಆಸ್ಪತ್ರೆ ಸೇರಿದರೆ ‘ಇನ್ನೂ ರಜೆ ಜಮೆ ಆಗಿಲ್ಲ’ ಅಂತ ಯಾರೂ ಹೇಳುವುದಿಲ್ಲ. ಒಳ್ಳೆಯದು. ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಜಮೆ ಆಗದ ರಜೆಗೆ ಬೆಲೆಯೂ ಇಲ್ಲ. ಲೆಕ್ಕದ ರಜೆಯಲ್ಲಿ, ಬಿಟ್ಟು ಹೋಗುವಾಗ ಉಳಿದ ದಿನಗಳಿಗೆ ಎಷ್ಟೋ ಕಡೆ ದುಡ್ಡು ಕೊಡಬೇಕಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಅದು ಸಾಲ. ಅನ್‌ಲಿಮಿಟೆಡ್ ಎಂದ ತಕ್ಷಣ ಆ ಸಾಲ ಮಾಯ. 2014ರಲ್ಲಿ ಅಮೆರಿಕದ ಪತ್ರಿಕಾ ಕಂಪನಿ ಟ್ರಿಬ್ಯೂನ್ ಪಬ್ಲಿಷಿಂಗ್ ಇಂಥ ನೀತಿ ಘೋಷಿಸಿದಾಗ ಅಲ್ಲಿನ ಪತ್ರಕರ್ತರು ಇದನ್ನು ಕೂಡಲೇ ಹಿಡಿದರು. ನಾವು ಕೂಡಿಟ್ಟ ದಿನಗಳು ಎಲ್ಲಿ ಹೋದವು ಎಂದು ಗಲಾಟೆ ಮಾಡಿದರು. ಕೆಲವೇ ದಿನಗಳಲ್ಲಿ ಕಂಪನಿ ನೀತಿಯನ್ನು ವಾಪಸ್ ತಗೊಂಡಿತು. ನಮ್ಮ ಕಸುಬಿನವರು ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ದುಡ್ಡಿಗಿಂತ ದೊಡ್ಡ ನಷ್ಟ ನಿಮಗೆ ಈಗಾಗಲೇ ಆಗಿದೆ. 20 ದಿನ ಅಂತ ಬರೆದಿದ್ದರೆ ನೀವು ನಿಮ್ಮದನ್ನು ನೀವು ತಗೊಳ್ಳುತ್ತಿದ್ದಿರಿ. ಈಗ ಪ್ರತಿ ಸಲವೂ ಉಪಕಾರ ಕೇಳಿದ ಹಾಗಾಗುತ್ತದೆ. ಎಲ್ಲರೂ ಪಕ್ಕದವರನ್ನು ನೋಡುತ್ತಾರೆ, ಪಕ್ಕದವರು ಇವರನ್ನು ನೋಡುತ್ತಾರೆ, ಕೊನೆಗೆ ಅತಿ ಕಡಿಮೆ ರಜೆ ತಗೊಂಡವನೇ ಅಳತೆಗೋಲು. ಹೊಸ ಯೋಜನೆಗಳಿಗೆ ಜನರಿಂದ ದುಡ್ಡು ಕೂಡಿಸಿಕೊಡುವ ಅಮೆರಿಕದ ಜಾಲತಾಣ ಕಿಕ್‌ಸ್ಟಾರ್ಟರ್ 2015ರಲ್ಲಿ ಅನ್‌ಲಿಮಿಟೆಡ್ ಬಿಟ್ಟು 25 ದಿನ ಅಂತ ಬರೆದಿಟ್ಟಿತು. ಬರ್ಲಿನ್‌ನ ಸಾಫ್ಟ್‌ವೇರ್ ಕಂಪನಿ ಟ್ರಾವಿಸ್ ಸಿಐ ಅದಕ್ಕೂ ಮೊದಲೇ, 2014ರಲ್ಲಿ, ವರ್ಷಕ್ಕೆ ಕನಿಷ್ಠ 25 ದಿನ ತಗೊಳ್ಳಲೇಬೇಕು ಅಂತ ಮಾಡಿತು. ನನಗೆ ಇಷ್ಟವಾಗುವುದು ಈ ‘ಕನಿಷ್ಠ’ ಎಂಬ ಪದ. ಯುರೋಪಿಯನ್ ಒಕ್ಕೂಟದ ಕಾನೂನು ವರ್ಷಕ್ಕೆ ನಾಲ್ಕು ವಾರದ ಸಂಬಳ ಸಹಿತ ರಜೆಯನ್ನು ಕನಿಷ್ಠ ಎನ್ನುತ್ತದೆ. ಅಲ್ಲಿ ಅನ್‌ಲಿಮಿಟೆಡ್ ಅಂದರೆ ಆ ನಾಲ್ಕು ವಾರದ ಮೇಲೆ.

ಹಾಗಾಗಿ ನಿಮ್ಮ ಮೊದಲ ಕೆಲಸ ರಜೆ ಕೇಳುವುದಲ್ಲ, ಅಂಕಿ ಕೇಳುವುದು. ಮ್ಯಾನೇಜರ್ ಜೊತೆ ಒಬ್ಬರೇ ಮಾತಾಡುವ ಹೊತ್ತಿನಲ್ಲಿ “ಎಷ್ಟು ತಗೋಬಹುದು?” ಅಂತ ಕೇಳಬೇಡಿ. “ನಿನ್ನ ವಿವೇಚನೆ” ಎಂಬ ಉತ್ತರ ಬಂದೇ ಬರುತ್ತದೆ. “ಹೋದ ವರ್ಷ ನೀವು ಎಷ್ಟು ದಿನ ತಗೊಂಡ್ರಿ?” ಅಂತ ಕೇಳಿ. ಆಮೇಲೆ, “ನಮ್ಮ ತಂಡದಲ್ಲಿ ಒಬ್ಬರು ವರ್ಷಕ್ಕೆ 15 ದಿನ ತಗೊಂಡರೆ ನಿಮಗೆ ಏನಾದರೂ ಅನ್ನಿಸುತ್ತಾ? 25? 35?” ಎಲ್ಲೋ ಒಂದು ಕಡೆ ಅವರ ಮುಖ ಬದಲಾಗುತ್ತದೆ. ನಿಮ್ಮ ಕಂಪನಿಯ ಮಿತಿ ಅಲ್ಲಿದೆ. ಸಂಜೆಯೇ ಎರಡು ಸಾಲು ಮೇಲ್ ಹಾಕಿ: ‘ಇವತ್ತು ಮಾತಾಡಿದ ಹಾಗೆ ವರ್ಷಕ್ಕೆ 20–25 ದಿನ ಸರಿ ಅಂತ ತಿಳಿದುಕೊಂಡಿದ್ದೇನೆ.’ ನಾಳೆ ಮ್ಯಾನೇಜರ್ ಬದಲಾದರೂ ಮೇಲ್ ಇರುತ್ತದೆ.

ಈಗ ನಿಮ್ಮ ಲೆಕ್ಕ. 14 ತಿಂಗಳಿಗೆ 6 ದಿನ. ವರ್ಷಕ್ಕೆ 20 ಅಂತ ಹಿಡಿದರೂ 23 ಆಗಬೇಕಿತ್ತು. 10 ಸೇರಿಸಿದರೆ 16, ಅಂದರೆ ಇನ್ನೂ ಏಳು ದಿನ ಹಿಂದೆಯೇ ಇದ್ದೀರಿ. ಇಷ್ಟಕ್ಕೆ ಹೆದರುವುದಾ?

ಕನಿಷ್ಠ ಆರು ವಾರ ಮೊದಲು ಹೇಳಿ. ಆದರೆ ‘ಹತ್ತು ದಿನ ಸಿಗಬಹುದಾ, ಕಷ್ಟ ಆದರೆ ಪರವಾಗಿಲ್ಲ’ ಅಂತ ಬರೆಯಬೇಡಿ. ಪರವಾಗಿಲ್ಲ ಅಂದಮೇಲೆ ಅವರು ಯಾಕೆ ಯೋಚಿಸುತ್ತಾರೆ? ಹೀಗೆ ಬರೆಯಿರಿ: ‘ಇಂಥ ಸೋಮವಾರದಿಂದ ಮುಂದಿನ ವಾರದ ಶುಕ್ರವಾರದವರೆಗೆ ರಜೆ ಹಾಕುತ್ತಿದ್ದೇನೆ. ಗ್ರಾಹಕರ ಕರೆಗಳನ್ನು ಇಂಥವರು ನೋಡಿಕೊಳ್ಳುತ್ತಾರೆ, ಅವರ ಹತ್ತಿರ ಮಾತಾಡಿದ್ದೇನೆ. ಹೊಸ ರಿಪೋರ್ಟ್ ಕೆಲಸ ಆ ಎರಡು ವಾರ ನಿಂತಿರುತ್ತದೆ. ಟಿಕೆಟ್ ಮಾಡಬೇಕು, ತೊಂದರೆ ಇದ್ದರೆ ಈ ಶುಕ್ರವಾರದೊಳಗೆ ತಿಳಿಸಿ.’ ಯಾವ ಕೆಲಸ ನಿಂತಿರುತ್ತದೆ ಎಂಬ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎಲ್ಲವೂ ನಡೆಯುತ್ತದೆ ಅಂತ ಮಾತು ಕೊಟ್ಟು, ಹೋದ ಕಡೆ ಲ್ಯಾಪ್‌ಟಾಪ್ ತೆಗೆದು ಕೂರುತ್ತಾರೆ.

ಬರುವ ಉತ್ತರವನ್ನು ಸರಿಯಾಗಿ ಓದಿ. ‘ಆ ವಾರ ಹೊಸ ಪ್ರಾಡಕ್ಟ್ ಬಿಡುಗಡೆ ಇದೆ, ಒಂದು ವಾರ ಮುಂದೆ ಹಾಕ್ತೀರಾ?’ ಅಂದರೆ ಅದು ಪ್ರಾಮಾಣಿಕ ಮಾತು, ಒಪ್ಪಿಕೊಳ್ಳಿ. ‘ನೋಡೋಣ’ ಎಂಬುದು ಎರಡು ಸಲ ಬಂದರೆ ಅದು ಇಲ್ಲ ಅಂತಲೇ. ಆಗ ‘ಹಾಗಾದರೆ ಯಾವ ತಾರೀಖು ಆಗುತ್ತೆ?’ ಅಂತ ಬರಹದಲ್ಲಿ ಕೇಳಿ. ತಾರೀಖೇ ಬರದಿದ್ದರೆ ಆಫರ್ ಲೆಟರ್‌ನ ಆ ಸಾಲು ಬರೀ ಅಲಂಕಾರ.

ನನ್ನ ತಪ್ಪನ್ನೂ ಹೇಳಬೇಕು. ಹಿಂದೆ ಒಂದು ಪತ್ರಿಕೆಯಲ್ಲಿ ಕಿರಿಯ ಸಹೋದ್ಯೋಗಿಯೊಬ್ಬಳು ಒಂದು ವಾರ ರಜೆ ಕೇಳಿದಳು. ನಾನು ಉದಾರವಾಗಿ, “ನಿನಗೇ ಬಿಟ್ಟಿದ್ದಮ್ಮಾ, ಕೆಲಸ ನೋಡಿಕೊಂಡು ಹೋಗು” ಅಂದೆ. ಅವಳು ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಸಿಕ್ಕಾಗ, “ನೀವು ಬೇಡ ಅಂದಿದ್ರಲ್ಲ ಸರ್” ಅಂದಳು. ನಾನು ಹೂಂ ಅಂದಿದ್ದೆ ಅಂತಲೇ ಅಂದುಕೊಂಡಿದ್ದೆ!

ಇದು ಬರೀ ರಜೆಯ ಕಥೆಯಲ್ಲ ಅನ್ನಿ. ಕೆಲಸದ ಹೊತ್ತು ‘ಫ್ಲೆಕ್ಸಿಬಲ್’ ಆಯಿತು, ಆಫೀಸು ‘ಕುಟುಂಬ’ ಆಯಿತು. ಬರೆದಿಟ್ಟಿದ್ದ ಒಂದೊಂದು ನಿಯಮವೂ ಒಂದೊಂದು ಸವಿಮಾತಾಗಿ ಬದಲಾಯಿತು. ನೆಟ್‌ಫ್ಲಿಕ್ಸ್ ರಜೆಯ ಲೆಕ್ಕ ಬಿಟ್ಟಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಮೇಲಿನವರೇ ಮೊದಲು ಧಾರಾಳವಾಗಿ ರಜೆ ತಗೊಂಡು ಎಲ್ಲರಿಗೂ ಹೇಳಬೇಕು ಅಂತ ಅದರ ಸ್ಥಾಪಕರಲ್ಲಿ ಒಬ್ಬರಾದ ರೀಡ್ ಹೇಸ್ಟಿಂಗ್ಸ್ ಹೇಳಿದ್ದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಾಲ್ಕನೇ ಸಲ ಟೈಪ್ ಮಾಡಿ, ಈ ಸಲ ಕಳಿಸಿ. ಅಂದ ಹಾಗೆ, ನಮ್ಮಲ್ಲಿ ವರ್ಷಕ್ಕೆ 24 ದಿನ ಅಂತ ಗೋಡೆಯ ಮೇಲೆ ಬರೆದಿದೆ. ಈ ಉತ್ತರದ ಪ್ರೂಫ್ ನೋಡಿದ ಉಪಸಂಪಾದಕಿ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಕಳಿಸಿದ್ದಾರೆ: “ಸರ್, ನಿಮ್ಮದು ಇನ್ನೂ 17 ಉಳಿದಿದೆ.”

— ಸಂ.