ರಾತ್ರಿ ದಲಾಲಿ ಅಂಗಡಿಯ ಲೆಕ್ಕ ಬರೆದರೆ ಹಗಲಿನ ನೌಕರಿಗೆ ಕುತ್ತೇ?

ಪ್ರಶ್ನೆ: ಸರ್, ನಮಸ್ಕಾರ. ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಬ್ಯಾಡಗಿಯಲ್ಲಿ ನಮ್ಮ ಕಾಕಾನ ಪರಿಚಯದವರ ದಲಾಲಿ ಅಂಗಡಿಯ ಲೆಕ್ಕ, ಜಿಎಸ್‌ಟಿ ರಿಟರ್ನ್ ಎಲ್ಲ ರಾತ್ರಿ ಮತ್ತು ರವಿವಾರ ನಾನೇ ನೋಡುತ್ತೇನೆ. ತಿಂಗಳಿಗೆ 15,000 ರೂಪಾಯಿ ಕೊಡುತ್ತಾರೆ. 'ಕಂಪನಿಯ ಲಿಖಿತ ಅನುಮತಿ ಇಲ್ಲದೆ ನೇರವಾಗಿ ಅಥವಾ ಪರೋಕ್ಷವಾಗಿ ಬೇರಾವುದೇ ಉದ್ಯೋಗ, ವ್ಯಾಪಾರ, ವೃತ್ತಿಯಲ್ಲಿ ತೊಡಗಬಾರದು' ಎಂದು ನೇಮಕಾತಿ ಪತ್ರದಲ್ಲಿದೆ. ಈಗ ಎಚ್‌ಆರ್‌ನವರು 'ಬೇರೆ ಕೆಲಸ ಇಲ್ಲ' ಎಂದು ಬರೆದಿರುವ ಫಾರ್ಮ್‌ಗೆ ಸಹಿ ಕೇಳಿದ್ದಾರೆ. ಇಂಥ ಷರತ್ತು ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಹಣವನ್ನು ತಮ್ಮನ ಖಾತೆಗೆ ಹಾಕಿಸಿಕೊಂಡರೆ ಆದೀತೇ?

ಉತ್ತರ: ಆ ಫಾರ್ಮ್‌ಗೆ ಈಗಲೇ ಸಹಿ ಹಾಕಬೇಡಿ. ನಿಮ್ಮ ಸಂಗತಿಯಲ್ಲಿ ಅಂಗಡಿಯ ಲೆಕ್ಕಕ್ಕಿಂತ ಆ ಸಹಿಯೇ ಹೆಚ್ಚು ಅಪಾಯದ್ದು.

ನಿಮ್ಮ ಗೆಳೆಯರ ಮಾತು ಅರ್ಧ ಸತ್ಯ. ವೃತ್ತಿ, ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅನೂರ್ಜಿತ ಎಂದು 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ ಹೇಳುವುದು ನಿಜ. ಆದರೆ ಆ ರಕ್ಷಣೆ ಮುಖ್ಯವಾಗಿ ಕೆಲಸ ಬಿಟ್ಟು ಹೋದವರಿಗೆ. ಸಂಬಳ ಪಡೆಯುತ್ತಿರುವಷ್ಟು ದಿನ 'ಬೇರೆಡೆ ದುಡಿಯಬೇಡ' ಎನ್ನುವ ಷರತ್ತು ಈ ಕಲಮಿನಡಿ ಸಾಮಾನ್ಯವಾಗಿ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಿಂದಲೇ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿದಿದೆ. ಷರತ್ತು ತೀರಾ ಏಕಪಕ್ಷೀಯವಾಗಿದ್ದರೆ, ದಬ್ಬಾಳಿಕೆಯಂತಿದ್ದರೆ ಕೋರ್ಟ್ ಅದನ್ನು ಒಪ್ಪದಿರಬಹುದು. 'ಅನುಮತಿ ಕೇಳಿ' ಎನ್ನುವ ಷರತ್ತನ್ನು ದಬ್ಬಾಳಿಕೆ ಎಂದು ಸಾಧಿಸುವುದು ಕಷ್ಟ.

ಇನ್ನು ನಿಮ್ಮ ಪತ್ರದ ಮಾತುಗಳನ್ನೇ ನೋಡೋಣ. ಕೆಲವು ಕಂಪನಿಗಳು ಪ್ರತಿಸ್ಪರ್ಧಿಯ ಬಳಿ ಮಾತ್ರ ದುಡಿಯಬಾರದು ಎನ್ನುತ್ತವೆ. ಅಷ್ಟೇ ಇದ್ದಿದ್ದರೆ ಮೆಣಸಿನಕಾಯಿ ದಲಾಲರ ಲೆಕ್ಕ ಬರೆಯುವುದಕ್ಕೆ ಅಡ್ಡಿ ಇರುತ್ತಿರಲಿಲ್ಲ. ನಿಮ್ಮದರಲ್ಲಿ 'ಬೇರಾವುದೇ' ಎಂದಿದೆ. ರಾತ್ರಿ ಮಾಡಿದೆ, ರವಿವಾರ ಮಾಡಿದೆ ಎಂಬುದು ಇಲ್ಲಿ ಉತ್ತರವಾಗುವುದಿಲ್ಲ, ಏಕೆಂದರೆ ಷರತ್ತಿನಲ್ಲಿ ವೇಳೆಯ ಪ್ರಸ್ತಾಪವೇ ಇಲ್ಲ. ತಿಂಗಳ ಸಂಬಳವಲ್ಲ, ಫೀ ಎಂದರೂ 'ವೃತ್ತಿ' ಎಂಬ ಪದ ಅದನ್ನು ಹಿಡಿಯುತ್ತದೆ. ಅನುಮತಿ ಪಡೆದಿಲ್ಲವಾದ್ದರಿಂದ ಷರತ್ತು ಮುರಿದಂತೆಯೇ ಎಂಬುದು ನನ್ನ ಅಭಿಪ್ರಾಯ. (ನವಲಗುಂದದ ಹೊಲದಲ್ಲಿ ಕಡಲೆ ಬಿತ್ತಿಸುವವರು, ಮನೆ ಬಾಡಿಗೆ ಬರುವವರೂ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಆಸ್ತಿಯಿಂದ ಬರುವ ಆದಾಯವನ್ನು ಎರಡನೇ ಉದ್ಯೋಗ ಎಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ.)

ತಮ್ಮನ ಖಾತೆಯ ಯೋಚನೆ ಬಿಟ್ಟುಬಿಡಿ. 'ಪರೋಕ್ಷವಾಗಿ' ಎಂಬ ಪದ ಇಟ್ಟಿರುವುದೇ ಅಂಥದ್ದಕ್ಕೆ. ಅದಕ್ಕಿಂತ ಮುಖ್ಯವಾಗಿ, ನೀವು ದುಡಿದದ್ದನ್ನು ತಮ್ಮನ ಆದಾಯವೆಂದು ತೋರಿಸಿದರೆ ತೆರಿಗೆ ಇಲಾಖೆಯ ಮುಂದೆ ಇಬ್ಬರೂ ಉತ್ತರ ಹೇಳಬೇಕಾಗುತ್ತದೆ. ಅಂಗಡಿಯವರು ವರ್ಷಕ್ಕೆ ನಿಮಗೆ ಕೊಡುವುದು 1,80,000 ರೂಪಾಯಿ. ಅವರ ವಹಿವಾಟು ಕೋಟಿ ದಾಟಿದ್ದರೆ ವೃತ್ತಿಪರ ಶುಲ್ಕವೆಂದು ಶೇ 10ರಷ್ಟು, ಅಂದರೆ ತಿಂಗಳಿಗೆ 1,500 ರೂಪಾಯಿ ಟಿಡಿಎಸ್ ಹಿಡಿಯಬೇಕಾಗುತ್ತದೆ. ಅದು ನಿಮ್ಮ ಪ್ಯಾನ್‌ನಲ್ಲಿ ದಾಖಲಾಗುತ್ತದೆ. ಆಗ ಬರೀ ಸಂಬಳದವರು ತುಂಬುವ ಐಟಿಆರ್-1 ನಿಮಗೆ ನಡೆಯುವುದಿಲ್ಲ.

'ಹಾಗಾದರೆ ಕಂಪನಿಗೆ ಗೊತ್ತಾಗುತ್ತದೆಯೇ' ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ನಿಮ್ಮ ತೆರಿಗೆ ಖಾತೆಯನ್ನು ಕಂಪನಿ ತಾನಾಗಿ ತೆರೆದು ನೋಡಲಾರದು. ಎರಡು ಕಡೆ ಪಿಎಫ್ ಕಟ್ಟುವವರು ಯುಎಎನ್ ದಾಖಲೆಯಲ್ಲಿ ಸಿಕ್ಕಿಬೀಳುವುದುಂಟು, ಏಕೆಂದರೆ ಎರಡೂ ನೌಕರಿಯ ಅವಧಿ ಒಂದರ ಮೇಲೊಂದು ಬಿದ್ದಿರುತ್ತದೆ. ನಿಮಗೆ ಅಂಗಡಿಯಿಂದ ಪಿಎಫ್ ಇಲ್ಲ, ಆ ದಾರಿ ಮುಚ್ಚಿದೆ. ನಿಮ್ಮ ಕೆಲಸದ ಸುಳಿವು ಬೇರೆಡೆ ಇರುತ್ತದೆ. ಜಿಎಸ್‌ಟಿಆರ್-1ಕ್ಕೆ ತಿಂಗಳ 11, 3ಬಿಗೆ 20 ಕೊನೆಯ ದಿನ. ಆ ದಿನ ಪೋರ್ಟಲ್ ನಿಧಾನವಾದಾಗ ರಾತ್ರಿಯವರೆಗೆ ಕಾಯುವವರು ಕಡಿಮೆ. ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ ಕಂಪನಿಯ ಲ್ಯಾಪ್‌ಟಾಪ್‌ನಲ್ಲೇ ಅಂಗಡಿಯ ಲಾಗಿನ್ ತೆರೆದು ರಿಟರ್ನ್ ಹಾಕಿಬಿಡುತ್ತಾರೆ, ಟ್ಯಾಲಿ ಫೈಲನ್ನು ಆಫೀಸ್ ಮೇಲ್‌ಗೇ ತರಿಸಿಕೊಳ್ಳುತ್ತಾರೆ. ಲ್ಯಾಪ್‌ಟಾಪಿನ ಲಾಗ್‌ನಲ್ಲಿ ಅದೆಲ್ಲ ವೇಳೆ ಸಮೇತ ಉಳಿದಿರುತ್ತದೆ. ನೀವು ಹಾಗೆ ಮಾಡಿದ್ದರೆ ಸಂಗತಿ ಬರೀ ಷರತ್ತು ಮುರಿದದ್ದಲ್ಲ. ಕಂಪನಿಯ ವೇಳೆ, ಕಂಪನಿಯ ಸಾಧನ ಎರಡನ್ನೂ ಬೇರೆಯವರಿಗೆ ಬಳಸಿದ ದುರ್ನಡತೆ ಎಂದು ಬರೆಯುತ್ತಾರೆ.

ಪರಿಣಾಮದ ವಿಷಯಕ್ಕೆ ಬಂದರೆ, ಜೈಲು, ಪೊಲೀಸ್ ಎಂಬ ಭಯ ಬೇಡ. ಬರೀ ಷರತ್ತು ಮುರಿಯುವುದು ಅಪರಾಧವಲ್ಲ. ಪರಿಹಾರ ಕೇಳಿ ಸಿವಿಲ್ ದಾವೆ ಹಾಕಿದರೆ ತನಗೆ ನಷ್ಟವಾಯಿತೆಂದು ಕಂಪನಿ ತೋರಿಸಬೇಕು. ಕರಾರಿನಲ್ಲಿ ಐದು ಲಕ್ಷ ದಂಡ ಎಂದು ಬರೆದಿದ್ದರೂ ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಅದು ಗರಿಷ್ಠ ಮಿತಿ, ಅಷ್ಟನ್ನೂ ಹಾಗೆಯೇ ಕೊಡಿಸುವುದಿಲ್ಲ. ದಲಾಲಿ ಅಂಗಡಿಯ ಲೆಕ್ಕದಿಂದ ನಿಮ್ಮ ಕಂಪನಿಗೆ ನಷ್ಟವಾಯಿತೆಂದು ತೋರಿಸುವುದು ಸುಲಭವಲ್ಲ.

ನಿಜವಾದ ಪೆಟ್ಟು ಬೀಳುವುದು ನೌಕರಿಗೆ. ಪ್ರತಿಸ್ಪರ್ಧಿಗಳ ಬಳಿಯೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದಿದ್ದೇವೆ ಎಂದು 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಹೇಳಿದ್ದು ನಿಮಗೆ ನೆನಪಿರಬಹುದು. ವಜಾ ಆದವರಿಗೆ ಅನುಭವ ಪತ್ರ, ರಿಲೀವಿಂಗ್ ಲೆಟರ್ ಕೈಗೆ ಬರುವುದೇ ದೊಡ್ಡ ತಾಪತ್ರಯ, ಮುಂದಿನ ಕಂಪನಿ ಮೊದಲು ಕೇಳುವುದು ಅದನ್ನೇ. ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ ನೌಕರರಾದರೆ ಆರೋಪಪತ್ರ, ವಿಚಾರಣೆ ಇಲ್ಲದೆ ವಜಾ ಮಾಡಿದ್ದನ್ನು ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಹುದ್ದೆಯ ಹೆಸರಲ್ಲ, ದಿನವೂ ಮಾಡುವ ಕೆಲಸ ಯಾವುದು ಎಂಬುದರ ಮೇಲೆ ಅದು ನಿಂತಿದೆ. ಏನೇ ಆದರೂ ದುಡಿದ ದಿನಗಳ ಸಂಬಳವನ್ನಾಗಲೀ ನಿಮ್ಮ ಪಿಎಫ್ ಹಣವನ್ನಾಗಲೀ ಶಿಕ್ಷೆಯೆಂದು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ.

ಈಗ ಆ ಸಹಿಯ ವಿಷಯ. ಇಂದು ಸಂಗತಿ ಹೊರಬಿದ್ದರೆ 'ಷರತ್ತು ಸರಿಯಾಗಿ ಓದಿರಲಿಲ್ಲ, ಕಂಪನಿಗೆ ತೊಂದರೆಯೂ ಆಗಿಲ್ಲ' ಎಂದು ಹೇಳಿಕೊಳ್ಳಲು ಜಾಗವಿದೆ. ಎಚ್ಚರಿಕೆ ಪತ್ರದಲ್ಲೇ ಮುಗಿಯಲೂಬಹುದು. 'ಬೇರೆ ಕೆಲಸ ಇಲ್ಲ' ಎಂದು ಸಹಿ ಹಾಕಿದ ಮೇಲೆ ಹೊರಬಿದ್ದರೆ ಅದು ತಿಳಿದೂ ಕೊಟ್ಟ ಸುಳ್ಳು ಹೇಳಿಕೆ. ವಿಚಾರಣೆಯಲ್ಲಿ ಕಂಪನಿ ಮತ್ತೇನನ್ನೂ ಸಾಧಿಸಬೇಕಾಗಿಲ್ಲ, ಆ ಒಂದು ಹಾಳೆ ಸಾಕು.

ಆದ್ದರಿಂದ ಸಾಹುಕಾರರಿಗೆ ಹೇಳಿ ಅಂಗಡಿಯ ಕೆಲಸವನ್ನು ಈಗ ನಿಲ್ಲಿಸಿ. ಈ ತಿಂಗಳ ರಿಟರ್ನ್ ಅನ್ನು ಅವರ ಆಡಿಟರ್ ಹಾಕಲಿ. ಆಮೇಲೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ಅನುಮತಿ ಕೇಳಿ. ಯಾರ ಲೆಕ್ಕ, ವಾರಕ್ಕೆ ಎಷ್ಟು ತಾಸು, ಅದೂ ರಜೆಯ ದಿನ ಮತ್ತು ಡ್ಯೂಟಿ ಮುಗಿದ ಮೇಲೆ, ಸ್ವಂತ ಕಂಪ್ಯೂಟರಿನಲ್ಲಿ, ಆ ಅಂಗಡಿ ಕಂಪನಿಯ ಗ್ರಾಹಕನೂ ಅಲ್ಲ, ಪ್ರತಿಸ್ಪರ್ಧಿಯೂ ಅಲ್ಲ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಹಿಂದೆ ಮಾಡಿದ್ದನ್ನು ನೀವಾಗಿ ವಿವರಿಸಬೇಕಿಲ್ಲ, ಕೇಳಿದರೆ ಮಾತ್ರ ಮುಚ್ಚಿಡಬೇಡಿ. ಕೇಳಿದ್ದಕ್ಕೇ ನೋಟಿಸ್ ಬರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನಲಾರೆ, ಆದರೂ ಸುಳ್ಳು ಸಹಿಗಿಂತ ಅದು ವಾಸಿ. ಇನ್ಫೋಸಿಸ್ ಕೂಡ 2022ರಲ್ಲಿ ಮೊದಲು ಕಟುವಾಗಿ ಎಚ್ಚರಿಸಿ, ಮುಂದಿನ ತಿಂಗಳೇ ಮ್ಯಾನೇಜರ್ ಅನುಮತಿ ಪಡೆದು ಬಿಡಿ ಕೆಲಸ ಮಾಡಬಹುದೆಂದು ಹೇಳಿತು. ಮ್ಯಾನೇಜರ್ ಬಾಯಿಮಾತಿನಲ್ಲಿ 'ಆತು, ಮಾಡ್ರಿ' ಎಂದರೆ ಸಾಲದು, ಷರತ್ತಿನಲ್ಲಿರುವುದು ಲಿಖಿತ ಅನುಮತಿ.

ಉತ್ತರ ಬರುವ ಮೊದಲೇ ಫಾರ್ಮಿನ ಗಡುವು ಬಂದರೆ ಖಾಲಿ ಬಿಡಬೇಡಿ, 'ಅನುಮತಿಗಾಗಿ ಇಂಥ ದಿನ ಇಮೇಲ್ ಮಾಡಿದ್ದೇನೆ, ಉತ್ತರ ಬಾಕಿ ಇದೆ' ಎಂದು ಅದರಲ್ಲೇ ಬರೆದು ಸಹಿ ಹಾಕಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.