ಮಾನಿಟರಿನ ಶಾರ್ಪ್‌ನೆಸ್ ಎಷ್ಟಿರಬೇಕು?

ಪ್ರಶ್ನೆ: ಶಾರ್ಪ್‌ನೆಸ್ ಏರಿಸಿದರೆ ಅಕ್ಷರಗಳ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ, ಇಳಿಸಿದರೆ ಅಕ್ಷರ ಮಸುಕಾಗುತ್ತದೆ. ಎಷ್ಟಕ್ಕೆ ಇಟ್ಟರೆ ಸರಿ?

ಉತ್ತರ: ಎಲ್ಲ ಮಾನಿಟರುಗಳಿಗೂ ಹೊಂದುವ ಒಂದೇ ಅಂಕಿ ಇಲ್ಲ. ಕಂಪ್ಯೂಟರ್ ಕಳಿಸಿದ ಚಿತ್ರವನ್ನು ಮಾನಿಟರ್ ತಿದ್ದದೆ ಇದ್ದ ಹಾಗೆಯೇ ತೋರಿಸುವ ತಟಸ್ಥ ಹಂತ ಯಾವುದೆಂದು ನೀವು ಕಂಡುಕೊಳ್ಳಬೇಕು; ಅದು ಕೆಲವು ಮಾನಿಟರುಗಳಲ್ಲಿ 100ಕ್ಕೆ 50 ಆಗಿರುತ್ತದೆ, ಕೆಲವದರಲ್ಲಿ 0 ಆಗಿರುತ್ತದೆ. ಈ ನಿಯಂತ್ರಣ ಹೊಸ ವಿವರವನ್ನೇನೂ ಸೇರಿಸುವುದಿಲ್ಲ. ಕಪ್ಪು ಮತ್ತು ಬಿಳುಪು ಕೂಡುವ ಅಂಚಿನಲ್ಲಿ ಕಪ್ಪಿನ ಬದಿಯನ್ನು ಇನ್ನಷ್ಟು ಕಪ್ಪಾಗಿಸಿ, ಬಿಳುಪಿನ ಬದಿಯನ್ನು ಇನ್ನಷ್ಟು ಬೆಳಗಿಸುತ್ತದೆ, ಅಷ್ಟೆ. ನಿಮಗೆ ಕಾಣುತ್ತಿರುವ ಬಿಳಿ ಗೆರೆ ಹುಟ್ಟುವುದು ಅದರಿಂದಲೇ.

ಬಹಳಷ್ಟು ಜನ ಬಿಳಿ ಪುಟದ ಮೇಲಿನ ಕಪ್ಪು ಅಕ್ಷರಗಳನ್ನು ನೋಡಿಕೊಂಡು ಇದನ್ನು ಹೊಂದಿಸುತ್ತಾರೆ. ಆದರೆ ಅಚ್ಚ ಬಿಳುಪನ್ನು ಅದಕ್ಕಿಂತ ಬೆಳಗಿಸಲು ಸಾಧ್ಯವಿಲ್ಲವಾದ್ದರಿಂದ ಅಲ್ಲಿ ದೋಷ ಅಡಗಿಬಿಡುತ್ತದೆ, ಅಕ್ಷರಗಳು ಗಡುಸಾದಂತೆ ಮಾತ್ರ ತೋರುತ್ತವೆ. ಆದ್ದರಿಂದ ಪರೀಕ್ಷೆಗೆ ಬೂದು ಹಿನ್ನೆಲೆಯೇ ಬೇಕು. ರೆಸಲ್ಯೂಶನ್ ಪರದೆಯ ಸಹಜ ಅಳತೆಯಲ್ಲಿರಲಿ, ವಿಂಡೋಸ್‌ನ ಸ್ಕೇಲಿಂಗ್ ಸದ್ಯಕ್ಕೆ 100% ಇರಲಿ. ಪೇಂಟ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ 128 ಎಂದು ಕೊಟ್ಟು ಪುಟವನ್ನು ತುಂಬಿ, ಅದರ ಮೇಲೆ ಒಂದು ಪಿಕ್ಸೆಲ್ ದಪ್ಪದ ಕೆಲವು ಕಪ್ಪು ಗೆರೆಗಳನ್ನು ನೆಟ್ಟಗೆ ಮತ್ತು ಅಡ್ಡಡ್ಡಲಾಗಿ ಎಳೆದು, ಜೂಮ್ ಮಾಡದೆ ಹತ್ತಿರದಿಂದ ನೋಡಿ.

ನನ್ನ 24 ಇಂಚಿನ, 1920×1080ರ ಮಾನಿಟರಿನಲ್ಲಿ ಶಾರ್ಪ್‌ನೆಸ್ ಹತ್ತು ಹತ್ತರಂತೆ ಬದಲಾಗುತ್ತದೆ. 80ರಲ್ಲಿ ಪ್ರತಿ ಗೆರೆಯ ಎರಡೂ ಬದಿಗೆ ಬೂದಿಗಿಂತ ತಿಳಿಯಾದ ಪಟ್ಟಿ ಸ್ಪಷ್ಟವಾಗಿತ್ತು. 60ರಲ್ಲೂ ದಿಟ್ಟಿಸಿ ನೋಡಿದರೆ ಅದು ಉಳಿದಿತ್ತು. 50ಕ್ಕೆ ಬಂದಾಗ ಪಟ್ಟಿ ಪೂರ್ತಿ ಹೋಗಿ, ಗೆರೆ ಕಪ್ಪಾಗಿಯೇ ಉಳಿಯಿತು. 40ರಲ್ಲಿ ಗೆರೆಯೇ ಬಣ್ಣಗೆಟ್ಟು ಅಕ್ಕಪಕ್ಕಕ್ಕೆ ಹರಡಿತು. ನೀವೂ ಹೀಗೆ ಮೇಲಿನಿಂದ ಇಳಿಸುತ್ತ ಬಂದು, ತಿಳಿ ಪಟ್ಟಿ ಮಾಯವಾಗುವ ಮೊದಲ ಹಂತದಲ್ಲಿ ನಿಲ್ಲಿಸಿ. ಮಾನಿಟರಿನ ಮೆನುವಿನಲ್ಲಿ VividPixel ಅಥವಾ Super Resolution ಎಂಬಂಥ ಸೌಲಭ್ಯವಿದ್ದರೆ ಅದನ್ನು ಮೊದಲೇ ನಿಲ್ಲಿಸಿರಬೇಕು, ಏಕೆಂದರೆ ಅದೂ ಅಂಚುಗಳನ್ನೇ ತಿದ್ದುತ್ತದೆ.

ಕನ್ನಡ ಓದುವವರಿಗೆ ಈ ದೋಷ ಬೇಗ ತಟ್ಟುತ್ತದೆ. ‘ರಾಷ್ಟ್ರ’, ‘ಲಕ್ಷ್ಮಿ’ ಮುಂತಾದ ಪದಗಳ ಒತ್ತಕ್ಷರಗಳ ನಡುವೆ ಸಣ್ಣ ಅಳತೆಯಲ್ಲಿ ಒಂದೆರಡು ಪಿಕ್ಸೆಲ್‌ಗಳಷ್ಟೇ ಜಾಗವಿರುತ್ತದೆ, ಬೂದು ಹಿನ್ನೆಲೆಯಲ್ಲಿ ಎರಡು ಬದಿಯ ತಿಳಿ ಪಟ್ಟಿಗಳು ಅಲ್ಲೇ ಒಂದಕ್ಕೊಂದು ತಗಲುತ್ತವೆ. ಅಲ್ಲದೆ ಅಕ್ಷರದ ತಿರುವುಗಳನ್ನು ನುಣುಪಾಗಿಸಲು ವಿಂಡೋಸ್ ಇಟ್ಟ ಮಧ್ಯಮ ಛಾಯೆಯ ಪಿಕ್ಸೆಲ್‌ಗಳನ್ನು ಹೆಚ್ಚಿನ ಶಾರ್ಪ್‌ನೆಸ್ ಕೆಡಿಸುವುದರಿಂದ ತಿರುವುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ.

ಅಂಚಿನಲ್ಲಿ ಕೆಂಪು ಅಥವಾ ನೀಲಿ ಛಾಯೆ ಕಂಡರೆ ಅದು ಸಾಮಾನ್ಯವಾಗಿ ಬೇರೆ ವಿಷಯ. ಅದಕ್ಕೆ ಅಕ್ಷರಗಳ ಅಂಚನ್ನು ನುಣುಪಾಗಿಸುವ ವಿಂಡೋಸ್‌ನ ಕ್ಲಿಯರ್‌ಟೈಪ್ ಸೌಲಭ್ಯವನ್ನು ಹೊಂದಿಸಬೇಕು. ತಟಸ್ಥ ಹಂತದಲ್ಲೂ ಅಕ್ಷರ ಮಸುಕಾಗಿಯೇ ಇದ್ದರೆ ರೆಸಲ್ಯೂಶನ್ ಸಹಜ ಅಳತೆಯಲ್ಲಿದೆಯೇ ಎಂದು ಮತ್ತೊಮ್ಮೆ ನೋಡಿ, ಆ ಮಸುಕನ್ನು ಶಾರ್ಪ್‌ನೆಸ್‌ನಿಂದ ಮುಚ್ಚಲು ಹೋಗಬೇಡಿ. ಹಲವು ಮಾನಿಟರುಗಳು ಚಿತ್ರದ ಮೋಡ್ ಬದಲಾದರೆ ಈ ಅಂಕಿಯನ್ನೂ ಬದಲಿಸುತ್ತವೆಯಾದ್ದರಿಂದ, ನೀವು ದಿನವೂ ಬಳಸುವ ಮೋಡ್‌ನಲ್ಲಿಯೇ ಈ ಪರೀಕ್ಷೆ ಮಾಡಿ.