ಗೋಡೌನ್ ಸ್ಟಾಕ್: ದಿನಾ ಸ್ವಲ್ಪ ಎಣಿಸುವುದಾ, ವರ್ಷಕ್ಕೊಮ್ಮೆ ಪೂರ್ತಿಯಾ?

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದು ತೋಟದ ಸಾಮಾನಿನ ಗೋಡೌನ್. ಗೊಬ್ಬರ, ಪೈಪು, ಪಂಪ್ ಬಿಡಿಭಾಗ ಸೇರಿ 1,800 ಐಟಂ. ಮಾರ್ಚ್ 31ಕ್ಕೆ ಮುಚ್ಚಿ ಎಣಿಸೋದಾ, ದಿನಾ ಸ್ವಲ್ಪ ಸ್ವಲ್ಪ ಎಣಿಸುವ ಸೈಕಲ್ ಕೌಂಟಿಂಗ್ ಶುರು ಮಾಡೋದಾ?

ನಿಮ್ಮ ಪುಸ್ತಕದ ಲೆಕ್ಕ ಎಷ್ಟು ನಂಬಬಹುದು ಅಂತ ಮೊದಲು ನೋಡಿ. ಕಂಪ್ಯೂಟರ್ ಪಟ್ಟಿಯಿಂದ ಐವತ್ತು ಐಟಂ ಆರಿಸಿ ರ‍್ಯಾಕ್‌ನಲ್ಲಿ ಎಣಿಸಿ. ಆಮೇಲೆ ರ‍್ಯಾಕ್‌ನಲ್ಲಿ ಕಣ್ಣಿಗೆ ಬಿದ್ದ ಬೇರೆ ಐವತ್ತನ್ನು ಎಣಿಸಿ ಪಟ್ಟಿಯಲ್ಲಿ ಹುಡುಕಿ. ಎರಡನೆಯದನ್ನು ಬಿಡಬೇಡಿ. ಲೆಕ್ಕಕ್ಕೇ ಬರದ ಮಾಲು ಪಟ್ಟಿ ಹಿಡಿದು ಹೋದವರಿಗೆ ಸಿಗುವುದಿಲ್ಲ.

ನೂರರಲ್ಲಿ ತೊಂಬತ್ತು ಕೂಡ ತಾಳೆಯಾಗದಿದ್ದರೆ, ನಾನಾದರೆ ಒಮ್ಮೆ ಪೂರ್ತಿ ಎಣಿಸಿ ಲೆಕ್ಕ ಸರಿಮಾಡಿಕೊಳ್ಳುತ್ತೇನೆ. ಆದರೆ ಮಾರ್ಚ್ ಕೊನೆಯಲ್ಲಿ ಅಲ್ಲ. ಕಾಫಿ ಹೂ ಅರಳಲು ಬೇಕಾದ ಹೂ ಮಳೆ ಬಾರದೆ ತೋಟದವರು ಸ್ಪ್ರಿಂಕ್ಲರ್ ಸಾಮಾನಿಗೆ ಓಡಿ ಬರುವ ಹೊತ್ತಿಗೆ ಶಟರ್ ಎಳೆದು ಕೂರುವುದು ಯಾವ ವ್ಯಾಪಾರ? ಜುಲೈ ಮಳೆಯಲ್ಲಿ ಗಿರಾಕಿ ಕಡಿಮೆ, ಆಗ ಎಣಿಸಿ. ತೇವ ಹಿಡಿದು ಗಟ್ಟಿಯಾದ ಯೂರಿಯಾ ಮೂಟೆಗಳನ್ನು ಬೇರೆ ಬರೆದುಕೊಳ್ಳಿ. ವರ್ಷಾಂತ್ಯದ ಅಂಕಿಗೆ ಇದು ಸಾಕಾ ಅಂತ ಆಡಿಟರ್ ಹತ್ತಿರ ಮೊದಲೇ ಮಾತಾಡಿ.

ಆಮೇಲೆ ಸೈಕಲ್ ಕೌಂಟಿಂಗ್. ಹೆಚ್ಚು ಹಣ ಓಡುವ 180 ಐಟಂ ತಿಂಗಳಿಗೊಮ್ಮೆ, ನಡುವಿನ 450 ಮೂರು ತಿಂಗಳಿಗೊಮ್ಮೆ, ಉಳಿದ 1,170 ವರ್ಷಕ್ಕೊಮ್ಮೆ. ಒಟ್ಟು 5,130 ಎಣಿಕೆ. 300 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಹದಿನೇಳು. ಬೆಳಿಗ್ಗೆ ಲೋಡಿಂಗ್‌ಗೆ ಮುಂಚೆ ಮುಗಿಸಬಹುದು.

ಎಣಿಸುವವರ ಕೈಲಿ ಪುಸ್ತಕದ ಸಂಖ್ಯೆ ಇರಬಾರದು. 412 ಅಂತ ಕಂಡರೆ 405 ಎಣಿಸಿದವನೂ 412 ಅಂತಲೇ ಬರೆಯುತ್ತಾನೆ, ಅಲ್ವಾ?

ವ್ಯತ್ಯಾಸ ಬಂದ ಕೂಡಲೇ ಪುಸ್ತಕ ತಿದ್ದಬೇಡಿ. ಎರಡು ಇಂಚಿನ ಎಲ್ಬೋ ಪುಸ್ತಕದಲ್ಲಿ 412, ರ‍್ಯಾಕ್‌ನಲ್ಲಿ 388 ಅಂದುಕೊಳ್ಳಿ. ಇನ್ನೊಬ್ಬರಿಂದ ಮತ್ತೆ ಎಣಿಸಿ. ಅಷ್ಟೇ ಬಂದರೆ ಚಲನ್ ಕಟ್ಟು ತೆಗೆಯಿರಿ. ನಿನ್ನೆ ಸಂಜೆ 20 ಎಲ್ಬೋ ಚಲನ್ ಮೇಲೆ ಹೋಗಿವೆ, ಬಿಲ್ ಇನ್ನೂ ಹಾಕಿಲ್ಲ. ಹಾಗಾದರೆ ನಿಜವಾದ ಕೊರತೆ ನಾಲ್ಕೇ. 24 ಅಂತ ಆಗಲೇ ತಿದ್ದಿದ್ದರೆ, ಆ ಬಿಲ್ ಬಿದ್ದಾಗ ಪುಸ್ತಕ 368ಕ್ಕೆ ಇಳಿದು ರ‍್ಯಾಕ್‌ನಲ್ಲಿ 20 ಹೆಚ್ಚು ಕಾಣುತ್ತಿತ್ತು. ಇಂಥ ಸುಳ್ಳು ವ್ಯತ್ಯಾಸ ಜಾಸ್ತಿ ಬರುತ್ತಿದ್ದರೆ ತಪ್ಪು ಬಿಲ್ಲಿಂಗ್ ಟೇಬಲ್‌ನಲ್ಲಿದೆ, ಅದನ್ನು ಮೊದಲು ಸರಿಮಾಡಿ. ಕಾರಣ ಹೀಗೆ ಮರುದಿನವೇ ಸಿಗುವುದು ಸೈಕಲ್ ಕೌಂಟಿಂಗ್‌ನ ದೊಡ್ಡ ಲಾಭ. ವರ್ಷದ ಎಣಿಕೆಯಲ್ಲಿ ಎಂಟು ತಿಂಗಳ ಹಿಂದಿನ ಚಲನ್ ಯಾರು ಹುಡುಕುತ್ತಾರೆ?

ಬಿಲ್ಲನ್ನು ವಾರಕ್ಕೊಮ್ಮೆ ಒಟ್ಟಿಗೆ ಕಂಪ್ಯೂಟರಿಗೆ ಹಾಕುವ ಪದ್ಧತಿ ಇದ್ದರೆ ಮಾತ್ರ ಸದ್ಯಕ್ಕೆ ಪೂರ್ತಿ ಎಣಿಕೆಗೇ ನಿಲ್ಲಿ. ಆವತ್ತಾವತ್ತಿನ ಲೆಕ್ಕ ಇಲ್ಲದಿದ್ದರೆ ಆ ದಿನದ ಎಣಿಕೆಯನ್ನು ಹೋಲಿಸಲು ಏನೂ ಇರುವುದಿಲ್ಲ.